ಸಂಬಳ ಚೀಟಿ ಇಲ್ಲದವರ ಗೃಹಸಾಲ: ಕೊಡಗಿನ ಒಂದು ಪ್ರಕರಣ

ಬ್ಯಾಂಕಿನ ಸಾಲ ವಿಭಾಗದಿಂದ ನಿವೃತ್ತನಾದ ಮೇಲೆ, ಸಾಲಕ್ಕೆ ಅರ್ಜಿ ಹಾಕುವವರ ಕಡತಗಳನ್ನು ಸಿದ್ಧಪಡಿಸಲು ನೆರವಾಗುವ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಇಲ್ಲಿ ವಿವರಿಸುವ ಪ್ರಕರಣವು 2024ರ ನವೆಂಬರ್‌ನಿಂದ 2025ರ ಅಕ್ಟೋಬರ್‌ವರೆಗೆ ನಡೆಯಿತು. ಅರ್ಜಿದಾರೆಯ ಗುರುತು ಸಿಗಬಾರದೆಂದು ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ ಮತ್ತು ಮೊತ್ತಗಳನ್ನು ಸ್ವಲ್ಪ ಸರಳಗೊಳಿಸಿದ್ದೇನೆ. ಲೆಕ್ಕದ ತರ್ಕವನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ.

ಹಿನ್ನೆಲೆ

ಅರ್ಜಿದಾರೆ ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರ ಮನೆಯವರು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಕೋವಿಡ್ ಕಾಲದಲ್ಲಿ ಊರಿಗೆ ಬಂದವರು ಮರಳಿ ಹೋಗಲಿಲ್ಲ; 2022ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟು, ಏಪ್ರಿಲ್‌ನಿಂದ ಸ್ವತಂತ್ರವಾಗಿ ಜಾಲತಾಣಗಳನ್ನು ಕಟ್ಟಿಕೊಡುವ ಮತ್ತು ನಿರ್ವಹಿಸುವ ಕೆಲಸ ಹಿಡಿದರು. ಗಳಿಕೆಯ ದೊಡ್ಡ ಪಾಲು ಒಂದು ವಿದೇಶಿ ಗ್ರಾಹಕ ಸಂಸ್ಥೆಯಿಂದ ಡಾಲರಿನಲ್ಲಿ ಬರುತ್ತಿತ್ತು. ಉಳಿದದ್ದು ಬೆಂಗಳೂರಿನ ಎರಡು ಸಣ್ಣ ಸಂಸ್ಥೆಗಳಿಂದ ಬರುತ್ತಿತ್ತು. ಅವು ಪಾವತಿಸುವಾಗಲೇ ತೆರಿಗೆಯ ಪಾಲನ್ನು ಟಿಡಿಎಸ್ ಎಂದು ಕಡಿದುಕೊಳ್ಳುತ್ತಿದ್ದವು. ಮೊದಲ ಆರ್ಥಿಕ ವರ್ಷ, ಅಂದರೆ 2022-23ರಲ್ಲಿ, ಒಟ್ಟು 14.2 ಲಕ್ಷ ರೂಪಾಯಿ ಬಂದಿತು, 2023-24ರಲ್ಲಿ 16.8 ಲಕ್ಷ ಬಂದಿತು. ಕಾರಿನ ಸಾಲಕ್ಕೆ ತಿಂಗಳಿಗೆ 7,200 ರೂಪಾಯಿ ಕಂತು ಕಟ್ಟುತ್ತಿದ್ದರು. ಅದು ಬಿಟ್ಟರೆ ಬೇರೆ ಸಾಲವಿರಲಿಲ್ಲ, ಸಿಬಿಲ್ ಅಂಕ 771 ಇತ್ತು.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ, ಇಂಟರ್‌ನೆಟ್ ಕೈಕೊಡುವ ತೋಟದ ಮನೆಯಿಂದ ಈ ಕೆಲಸ ಮಾಡುವುದು ಕಷ್ಟವೆಂದು ಅವರು ಕುಶಾಲನಗರದಲ್ಲಿ 45 ಲಕ್ಷದ ಒಂದು ಮನೆ ನೋಡಿ, ಒಂದು ಲಕ್ಷ ರೂಪಾಯಿ ಮುಂಗಡ ಕೊಟ್ಟರು. ಬೇಕಾಗಿದ್ದ ಸಾಲ 34 ಲಕ್ಷ.

ಮೊದಲ ಅರ್ಜಿ

ನನ್ನ ಬಳಿ ಬರುವ ಮೊದಲೇ ಅವರು ಒಂದು ಬ್ಯಾಂಕಿಗೆ ಅರ್ಜಿ ಹಾಕಿದ್ದರು. ಸಂಬಳ ಚೀಟಿ ಇಲ್ಲದ ಕೊರತೆಯನ್ನು ಕಾಗದದ ಗಾತ್ರದಿಂದ ತುಂಬಬೇಕೆಂಬ ಭಾವನೆ ಸ್ವತಂತ್ರ ವೃತ್ತಿಯವರಲ್ಲಿ ಸಾಮಾನ್ಯವಾಗಿರುತ್ತದೆ. ಇವರ ಕಡತದಲ್ಲೂ 86 ಪುಟಗಳಿದ್ದವು. ಹಣ ಬರುವ ಪಾವತಿ ವೇದಿಕೆಯ ಪರದೆಚಿತ್ರಗಳು, ಗ್ರಾಹಕರು ಮೆಚ್ಚಿ ಬರೆದ ಮಿಂಚಂಚೆಗಳು, ಎರಡು ವರ್ಷಗಳ ಎಲ್ಲ ಬಿಲ್ಲುಗಳು, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ತೋಟದ ಪಹಣಿ, ಕಾಫಿ ವ್ಯಾಪಾರಿ ಕೊಟ್ಟ ರಸೀದಿಗಳು, ಹಳೆಯ ಕಂಪನಿಯ ಅನುಭವ ಪತ್ರ ಎಲ್ಲವೂ ಅದರಲ್ಲಿದ್ದವು. ಇವೆಲ್ಲದರ ನಡುವೆ, ಬ್ಯಾಂಕು ನಿಜವಾಗಿ ಓದುವ ಎರಡು ಆದಾಯ ತೆರಿಗೆ ರಿಟರ್ನ್‌ಗಳು ಕೊನೆಯಲ್ಲಿದ್ದವು.

ಬ್ಯಾಂಕು ಅರ್ಜಿಯನ್ನು ತಿರಸ್ಕರಿಸಲಿಲ್ಲ. 14 ಲಕ್ಷ ಮಾತ್ರ ಕೊಡಬಹುದು ಎಂದಿತು. ಅರ್ಜಿದಾರೆಗೆ ಇದು ಅವಮಾನವೆನಿಸಿತು, ಏಕೆಂದರೆ ಅವರ ಖಾತೆಗೆ ತಿಂಗಳಿಗೆ ಸರಾಸರಿ 1.4 ಲಕ್ಷ ಬರುತ್ತಿತ್ತು. ಆದರೆ ಬ್ಯಾಂಕಿನ ಲೆಕ್ಕ ತಪ್ಪಾಗಿರಲಿಲ್ಲ. ರಿಟರ್ನ್‌ಗಳಲ್ಲಿ ಘೋಷಿಸಿದ್ದ ಆದಾಯ ಕ್ರಮವಾಗಿ 4.7 ಲಕ್ಷ ಮತ್ತು 4.8 ಲಕ್ಷ. ಸರಾಸರಿ 4.75 ಲಕ್ಷವೆಂದರೆ ತಿಂಗಳಿಗೆ ಸುಮಾರು 39,600. ಅದರ ಅರ್ಧದಷ್ಟನ್ನು ಎಲ್ಲ ಕಂತುಗಳಿಗೆ ಬಳಸಬಹುದೆಂಬುದು ಆ ಬ್ಯಾಂಕಿನ ನಿಯಮ. 19,800ರಲ್ಲಿ ಕಾರಿನ ಕಂತು ಕಳೆದರೆ 12,600 ಉಳಿಯುತ್ತದೆ. ಆಗಿನ ಶೇ. 8.75ರ ಬಡ್ಡಿಯಲ್ಲಿ, 20 ವರ್ಷದ ಅವಧಿಗೆ, ಒಂದು ಲಕ್ಷಕ್ಕೆ ಸುಮಾರು 884 ರೂಪಾಯಿ ಕಂತು ಬೀಳುತ್ತದೆ. 12,600ನ್ನು 884ರಿಂದ ಭಾಗಿಸಿದರೆ 14 ಲಕ್ಷದ ಆಸುಪಾಸಿಗೇ ಬಂದು ನಿಲ್ಲುತ್ತದೆ. ಪುಟಗಳು 86 ಇರಲಿ, 186 ಇರಲಿ, ಈ ಭಾಗಾಕಾರ ಬದಲಾಗುವುದಿಲ್ಲ.

ಬೇಸರದಲ್ಲಿ ಅವರು ಅದೇ ತಿಂಗಳು ಇನ್ನೆರಡು ಕಡೆ ಅರ್ಜಿ ಹಾಕಿದರು. ಪ್ರತಿ ಅರ್ಜಿಗೂ ಸಾಲದಾತರು ಸಿಬಿಲ್ ವರದಿ ತೆಗೆಸಿದ್ದರಿಂದ ಅಂಕ 752ಕ್ಕೆ ಇಳಿಯಿತು. ಒಂದು ಗೃಹಸಾಲ ಕಂಪನಿ, ರಿಟರ್ನ್‌ಗಳನ್ನು ಬದಿಗಿಟ್ಟು ಖಾತೆಯ ಸರಾಸರಿ ಶಿಲ್ಕಿನ ಆಧಾರದ ಮೇಲೆ ಪೂರ್ತಿ 34 ಲಕ್ಷ ಕೊಡಲು ಒಪ್ಪಿತು. ಆದರೆ ಅದರ ಬಡ್ಡಿ ಶೇ. 11.5. ಇಲ್ಲಿಗೆ ಬಂದಾಗ ಅವರು ನನ್ನನ್ನು ಭೇಟಿಯಾದರು. ಸಹಿ ಹಾಕಲು ಅವರಿಗೆ ನಾಲ್ಕು ದಿನ ಉಳಿದಿತ್ತು.

ರಿಟರ್ನ್‌ನಲ್ಲಿ ಅಡಗಿದ್ದ ತೊಡಕು

ಬಿಲ್ಲುಗಳನ್ನು ನಾನು ನೋಡಲೇ ಇಲ್ಲ. ಎರಡು ರಿಟರ್ನ್‌ಗಳನ್ನೂ ಕಡಿತವಾದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್ ಅನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. 26ಎಎಸ್‌ನಲ್ಲಿ ಬೆಂಗಳೂರಿನ ಸಂಸ್ಥೆಗಳು 194ಜೆ ಕಲಮಿನಡಿ, ಅಂದರೆ ವೃತ್ತಿಪರ ಮತ್ತು ತಾಂತ್ರಿಕ ಸೇವೆಯ ಶುಲ್ಕವೆಂದು, ಟಿಡಿಎಸ್ ಕಡಿದಿದ್ದವು. ರಿಟರ್ನ್‌ಗಳಾದರೋ 44ಎಡಿ ಕಲಮಿನಡಿ ಸಲ್ಲಿಕೆಯಾಗಿದ್ದವು. ಅದು ಸಣ್ಣ ವ್ಯಾಪಾರಸ್ಥರಿಗೆ ಇರುವ ಅಂದಾಜು ಆದಾಯದ ಕಲಮು. ಬ್ಯಾಂಕ್ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ. 6ನ್ನು ಲಾಭವೆಂದು ತೋರಿಸಿದರೆ ಅದರಡಿ ಸಾಕಾಗುತ್ತದೆ. ಅರ್ಜಿದಾರೆಯ ರಿಟರ್ನ್ ಬರೆಯುತ್ತಿದ್ದವರು ಆ ಅವಕಾಶ ಹಿಡಿದು, ತೆರಿಗೆ ಬಾರದ ಮಟ್ಟಕ್ಕೆ ಸರಿಯಾಗಿ ಆದಾಯವನ್ನು ಕೂರಿಸಿದ್ದರು. ಕಡಿತವಾದ ಟಿಡಿಎಸ್ ಪ್ರತಿ ವರ್ಷ ಮರುಪಾವತಿಯಾಗಿ ಬರುತ್ತಿತ್ತು, ಎಲ್ಲರಿಗೂ ಸಂತೋಷವಾಗುತ್ತಿತ್ತು.

ಆದರೆ ಕಾನೂನಿನಲ್ಲಿ ನಿಗದಿಯಾದ ವೃತ್ತಿಗಳನ್ನು ಮಾಡುವವರಿಗೆ 44ಎಡಿ ಅನ್ವಯಿಸುವುದಿಲ್ಲ. ವಕೀಲರು, ವೈದ್ಯರು, ಇಂಜಿನಿಯರುಗಳು, ವಾಸ್ತುಶಿಲ್ಪಿಗಳು ಮುಂತಾದವರ ಆ ಪಟ್ಟಿಗೆ ಮಾಹಿತಿ ತಂತ್ರಜ್ಞಾನವೂ ಅಧಿಸೂಚನೆಯ ಮೂಲಕ ಸೇರಿದೆ. ಇವರಿಗೆ ಅನ್ವಯಿಸುವುದು 44ಎಡಿಎ: ಒಟ್ಟು ಗಳಿಕೆಯ ಕನಿಷ್ಠ ಅರ್ಧವನ್ನು ಆದಾಯವೆಂದು ಘೋಷಿಸಬೇಕು. (ಇಲ್ಲಿ ಹೇಳುವ ಕಲಮುಗಳೆಲ್ಲ 1961ರ ಕಾಯ್ದೆಯವು, 2026ರ ಏಪ್ರಿಲ್‌ನಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ.) ಹಾಗಾಗಿ ಇದು ಬ್ಯಾಂಕಿಗೆ ಆದಾಯವನ್ನು ಹೇಗೆ ತೋರಿಸುವುದು ಎಂಬ ಪ್ರಶ್ನೆ ಆಗಿರಲಿಲ್ಲ. ರಿಟರ್ನೇ ತಪ್ಪಾಗಿತ್ತು, ಮತ್ತು ಬ್ಯಾಂಕಿನ ಅಧಿಕಾರಿ ಅದನ್ನು ಆಗಲೇ ಗಮನಿಸಿದ್ದರು. ಅವರ ಟಿಪ್ಪಣಿಯಲ್ಲಿದ್ದ ಮೊದಲ ಪ್ರಶ್ನೆ ಅದೇ ಆಗಿತ್ತು ಎಂದು ನಂತರ ತಿಳಿಯಿತು: ಟಿಡಿಎಸ್ ವೃತ್ತಿಯದು, ರಿಟರ್ನ್ ವ್ಯಾಪಾರದ್ದು, ಯಾವುದು ನಿಜ?

ಎರಡನೆಯ ಪ್ರಶ್ನೆ ಕಾಫಿಯ ಹಣದ್ದು. ಜನವರಿಯಿಂದ ಮಾರ್ಚ್‌ವರೆಗೆ ಅರ್ಜಿದಾರೆಯ ಖಾತೆಗೆ ಕಾಫಿ ವ್ಯಾಪಾರಿಯಿಂದ ಮೂರು ಕಂತುಗಳಲ್ಲಿ ಸುಮಾರು ಆರು ಲಕ್ಷ ಬಂದಿತ್ತು. ತಂದೆಗೆ ಮೊಬೈಲ್ ಬ್ಯಾಂಕಿಂಗ್ ರೂಢಿಯಿಲ್ಲವೆಂದು ಮಗಳ ಖಾತೆಯ ಸಂಖ್ಯೆ ಕೊಟ್ಟಿದ್ದರು. ನಮ್ಮ ಕಡೆ ಇದು ಮನೆಮನೆಯಲ್ಲೂ ನಡೆಯುವ ಸಂಗತಿ, ಯಾರಿಗೂ ಅದರಲ್ಲಿ ದೋಷ ಕಾಣಿಸುವುದಿಲ್ಲ. ಆದರೆ ಸ್ಟೇಟ್‌ಮೆಂಟ್ ಓದುವವರಿಗೆ ರಿಟರ್ನ್‌ನಲ್ಲಿ ಇಲ್ಲದ ಆರು ಲಕ್ಷ ಕಣ್ಣಿಗೆ ಹೊಡೆಯುತ್ತದೆ.

ಎರಡು ನಿರ್ಧಾರಗಳು

ಗೃಹಸಾಲ ಕಂಪನಿಯ ಕೊಡುಗೆಯನ್ನು ಮೊದಲು ಲೆಕ್ಕ ಹಾಕಿದೆವು. ಶೇ. 11.5ರಲ್ಲಿ 34 ಲಕ್ಷಕ್ಕೆ ತಿಂಗಳ ಕಂತು ಸುಮಾರು 36,260. ಬ್ಯಾಂಕಿನ ಆಗಿನ ದರದಲ್ಲಿ ಸುಮಾರು 30,050. ವ್ಯತ್ಯಾಸ ತಿಂಗಳಿಗೆ ಆರು ಸಾವಿರ ದಾಟುತ್ತದೆ. "ಈಗ ತೆಗೆದುಕೊಂಡು ಎರಡು ವರ್ಷ ಬಿಟ್ಟು ಬ್ಯಾಂಕಿಗೆ ವರ್ಗಾಯಿಸಿದರೆ ಆಗುವುದಿಲ್ಲವೇ ಸರ್?" ಎಂದು ಅವರು ಕೇಳಿದರು. ಆಗುತ್ತದೆ; ಆದರೆ ವರ್ಗಾವಣೆಯ ದಿನವೂ ಬ್ಯಾಂಕು ಕೇಳುವುದು ಅದೇ ರಿಟರ್ನ್‌ಗಳನ್ನು. ಅವು ಸರಿಯಾಗದ ಹೊರತು ಹೆಚ್ಚಿನ ಬಡ್ಡಿಯಿಂದ ಬಿಡುಗಡೆಯೂ ಇಲ್ಲ. ಮನೆ ಕೈತಪ್ಪಿದರೂ ಸರಿ, ಮೊದಲು ರಿಟರ್ನ್ ಸರಿಪಡಿಸೋಣ ಎಂದು ಅವರು ನಾಲ್ಕನೆಯ ದಿನ ನಿರ್ಧರಿಸಿದರು. ಮುಂಗಡದಲ್ಲಿ 25,000 ರೂಪಾಯಿಯನ್ನು ಮನೆ ಮಾರುವವರು ಮುರಿದುಕೊಂಡರು. ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ವಾಪಸು ಎಂಬ ಒಂದು ಸಾಲು ಕರಾರಿನಲ್ಲಿ ಇದ್ದಿದ್ದರೆ ಅದೂ ಉಳಿಯುತ್ತಿತ್ತು.

2023-24ರ ರಿಟರ್ನ್‌ಗೆ ಡಿಸೆಂಬರ್ 31ರವರೆಗೆ ಪರಿಷ್ಕರಣೆಗೆ ಅವಕಾಶವಿತ್ತು. 44ಎಡಿಎ ಪ್ರಕಾರ 8.4 ಲಕ್ಷ ಆದಾಯ ತೋರಿಸಿ ಪರಿಷ್ಕರಿಸಿದೆವು; ಹೊಸ ತೆರಿಗೆ ಪದ್ಧತಿಯಲ್ಲಿ 40,560 ರೂಪಾಯಿ ತೆರಿಗೆ, ಬಡ್ಡಿ ಸೇರಿ ಸುಮಾರು 44,000 ಕಟ್ಟಿದರು. 2022-23ಕ್ಕೆ ಪರಿಷ್ಕರಣೆಯ ಗಡುವು ಮುಗಿದಿತ್ತು, ಹಾಗಾಗಿ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಬೇಕಾಯಿತು. ಆರ್ಥಿಕ ವರ್ಷದ ಮರುವರ್ಷವಾದ ಕರನಿರ್ಧಾರಣಾ ವರ್ಷ ಮುಗಿದು 12 ತಿಂಗಳೊಳಗೆ ಅದನ್ನು ಸಲ್ಲಿಸಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ ಬೀಳುತ್ತದೆ. ತಡವಾದಷ್ಟೂ ಆ ಪ್ರಮಾಣ ಏರುತ್ತದೆ. ಆ ವರ್ಷ 7.1 ಲಕ್ಷ ಆದಾಯದಲ್ಲಿ ವಿಮೆ ಮತ್ತು ಪಿಪಿಎಫ್ ಕಡಿತ ಕಳೆದು 25,480 ತೆರಿಗೆ ಬಂತು. ಎಲ್ಲ ಸೇರಿ ಸುಮಾರು 38,000 ಕಟ್ಟಿದರು.

ಒಟ್ಟು 82,000 ರೂಪಾಯಿ ಕೈಬಿಟ್ಟಾಗ ಮನೆಯಲ್ಲಿ ಅಸಮಾಧಾನವಾಯಿತು. ಸಾಲಕ್ಕಾಗಿ ಇಷ್ಟು ಖರ್ಚೇ ಎಂದು ತಂದೆ ಕೇಳಿದರು. ನಾನು ಇದನ್ನು ಸಾಲದ ಖರ್ಚೆಂದು ಒಪ್ಪುವುದಿಲ್ಲ. ಅದರಲ್ಲಿ 66,000 ರೂಪಾಯಿ ಮೊದಲೇ ಕಟ್ಟಬೇಕಾಗಿದ್ದ ತೆರಿಗೆ. ತಡ ಮಾಡಿದ್ದರ ಬೆಲೆ ಉಳಿದ 16,000 ಮಾತ್ರ.

ತೋಟದ ಆದಾಯವನ್ನು ಸೇರಿಸಬೇಕೆಂಬ ಆಸೆ

ತಂದೆ ಇನ್ನೊಂದು ದಾರಿ ಸೂಚಿಸಿದರು: ಕಾಫಿಯ ಆರು ಲಕ್ಷವನ್ನೂ ಮಗಳ ಆದಾಯವೆಂದು ತೋರಿಸಿದರೆ ತೆರಿಗೆಯೂ ಇಲ್ಲ, ಸಾಲವೂ ಹೆಚ್ಚು ಸಿಗುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ, ಅದನ್ನು ಪರಿಗಣಿಸುವ ಬ್ಯಾಂಕುಗಳೂ ಇವೆ. ಆದರೆ ಅದು ಅರ್ಜಿದಾರೆಯ ಆದಾಯ ಎನ್ನಲು ಯಾವ ದಾಖಲೆ ಇತ್ತು? ತೋಟ ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನು. ಪಹಣಿಯಲ್ಲಿ ಅಜ್ಜನ ಕಾಲದ ಹೆಸರುಗಳೂ ಸೇರಿ ಕುಟುಂಬದ ಹಲವರ ಹೆಸರುಗಳಿದ್ದವು, ಅರ್ಜಿದಾರೆಯದು ಇರಲಿಲ್ಲ. ವ್ಯಾಪಾರಿಯ ರಸೀದಿಗಳೂ ತಂದೆಯ ಹೆಸರಿನಲ್ಲಿದ್ದವು. ಅಲ್ಲದೆ, ಕೃಷಿ ಆದಾಯ 5,000 ರೂಪಾಯಿ ಮೀರಿದರೆ 44ಎಡಿಎಯವರು ಬಳಸುವ ಸರಳವಾದ ಐಟಿಆರ್-4 ನಡೆಯುವುದಿಲ್ಲ, ಐಟಿಆರ್-3ಕ್ಕೆ ಹೋಗಬೇಕಾಗುತ್ತದೆ. ತನ್ನದಲ್ಲದ ಆದಾಯಕ್ಕಾಗಿ ತನ್ನ ನಿಜವಾದ ಆದಾಯದ ದಾಖಲೆಯನ್ನೂ ಸಂಶಯಕ್ಕೆ ಒಡ್ಡುವುದು ಬೇಡವೆಂದು ಅರ್ಜಿದಾರೆಯೇ ತಂದೆಗೆ ತಿಳಿಹೇಳಿದರು. ಪಹಣಿಯನ್ನೂ ರಸೀದಿಗಳನ್ನೂ ಕಡತದಿಂದ ತೆಗೆದೆವು.

ಬದಲಿಗೆ 2025ರ ಜನವರಿ ಮೊದಲ ವಾರದಲ್ಲಿ, ರೊಬಸ್ಟಾ ಕೊಯ್ಲಿನ ಹಣ ಬರುವ ಮೊದಲೇ, ಅವರು ವೃತ್ತಿಗೆಂದೇ ಪ್ರತ್ಯೇಕ ಖಾತೆ ತೆರೆದರು. ಕಾಫಿಯ ಹಣ ತಂದೆಯ ಖಾತೆಗೇ ಹೋಯಿತು. ಗ್ರಾಹಕರ ಹಣ ಹೊಸ ಖಾತೆಗೆ ಬಂತು. ಮನೆ ಖರ್ಚಿಗೆ ಪ್ರತಿ ತಿಂಗಳು 5ರಂದು ಅಲ್ಲಿಂದ ಹಳೆಯ ಖಾತೆಗೆ ಒಂದೇ ವರ್ಗಾವಣೆ ಆಗುವಂತೆ ಮಾಡಿಕೊಂಡರು.

ಮೂರನೆಯ ರಿಟರ್ನ್

ಪರಿಷ್ಕರಿಸಿದ ರಿಟರ್ನ್‌ಗಳನ್ನು ಹಿಡಿದು ಆ ಜನವರಿಯಲ್ಲೇ ಬ್ಯಾಂಕಿಗೆ ಹೋಗಬಹುದಿತ್ತು. ನಾನು ಬೇಡವೆಂದೆ. ಅರ್ಜಿಗೆ ಕೆಲವೇ ವಾರಗಳ ಮೊದಲು ಆದಾಯ ಏರಿಸಿದ ರಿಟರ್ನ್‌ಗಳನ್ನು ನನ್ನ ಸೇವೆಯ ದಿನಗಳಲ್ಲಿ ನಾನೂ ಅನುಮಾನದಿಂದಲೇ ನೋಡಿದ್ದೇನೆ. ತೆರಿಗೆ ಕಟ್ಟಿದ ಚಲನ್ ಇದ್ದರೂ, ಇದು ಸಾಲಕ್ಕಾಗಿ ಮಾಡಿದ್ದು ಎಂಬ ಭಾವನೆ ಅಧಿಕಾರಿಯ ಮನಸ್ಸಿನಿಂದ ಹೋಗುವುದಿಲ್ಲ. ಸರಿಯಾದ ಕಲಮಿನಡಿ, ಸರಿಯಾದ ಸಮಯಕ್ಕೆ, ಪರಿಷ್ಕರಣೆಯಿಲ್ಲದೆ ಸಲ್ಲಿಸಿದ ಒಂದು ರಿಟರ್ನ್ ಕೈಯಲ್ಲಿದ್ದರೆ ಹಿಂದಿನ ತಿದ್ದುಪಡಿಗಳಿಗೂ ಅದು ಸಾಕ್ಷಿಯಾಗುತ್ತದೆ. ಎಂಟು ತಿಂಗಳು ಕಾಯಲು ಅವರು ಒಪ್ಪಿದರು.

2024-25ರಲ್ಲಿ ಗಳಿಕೆ 18.5 ಲಕ್ಷವಾಗಿತ್ತು. ಇಲ್ಲಿ ಒಂದು ಸೂಕ್ಷ್ಮ ಆಯ್ಕೆ ಎದುರಾಯಿತು. 44ಎಡಿಎಯಲ್ಲಿ ಶೇ. 50 ಎಂಬುದು ಕನಿಷ್ಠ ಮಿತಿ. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ಘೋಷಿಸಬಹುದು. ಕನಿಷ್ಠ ತೋರಿಸಿದರೆ ಆದಾಯ 9.25 ಲಕ್ಷ, ತೆರಿಗೆ 44,200. ಖರ್ಚಿನ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡಿದಾಗ ಹೊಸ ಲ್ಯಾಪ್‌ಟಾಪ್, ಇನ್ವರ್ಟರ್, ಸಾಫ್ಟ್‌ವೇರ್ ಚಂದಾ ಮತ್ತು ಒಬ್ಬ ಸಹಾಯಕನಿಗೆ ಕೊಟ್ಟ ಹಣ ಸೇರಿ 7.4 ಲಕ್ಷ ಆಗಿತ್ತು. ಅಂದರೆ ನಿಜವಾಗಿ ಉಳಿದದ್ದು 11.1 ಲಕ್ಷ. ಅದನ್ನೇ ಘೋಷಿಸಿದರೆ ತೆರಿಗೆ 69,160, ಸುಮಾರು 25,000 ಹೆಚ್ಚು.

ಈ ವ್ಯತ್ಯಾಸ ಸಾಲದ ಮೇಲೆ ಏನು ಮಾಡುತ್ತದೆಂದು ನೋಡಿದೆವು. ಬ್ಯಾಂಕು ತೆರಿಗೆ ಕಳೆದ ನಂತರದ ಆದಾಯದ ಎರಡು ವರ್ಷದ ಸರಾಸರಿ ತೆಗೆಯುವುದಾಗಿ ವಿಚಾರಿಸಿ ತಿಳಿದುಕೊಂಡಿದ್ದೆವು. 9.25 ಲಕ್ಷ ಘೋಷಿಸಿದರೆ ಸರಾಸರಿ ಸುಮಾರು 8.4 ಲಕ್ಷವಾಗಿ, ಕಾರಿನ ಕಂತು ಕಳೆದು ತಿಂಗಳಿಗೆ 27,800 ರೂಪಾಯಿ ಕಂತಿಗೆ ಅರ್ಹತೆ ಬರುತ್ತಿತ್ತು, 11.1 ಲಕ್ಷ ಘೋಷಿಸಿದರೆ ಸರಾಸರಿ 9.2 ಲಕ್ಷ, ಅರ್ಹತೆ 31,100. ಅಷ್ಟರಲ್ಲಿ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಸಲ ರೆಪೊ ದರ ಇಳಿಸಿದ್ದರಿಂದ ಇವರಿಗೆ ಹೇಳಿದ ದರ ಶೇ. 8.25ಕ್ಕೆ ಬಂದಿತ್ತು, ಲಕ್ಷಕ್ಕೆ 852 ರೂಪಾಯಿ ಕಂತು. ಮೊದಲ ದಾರಿಯಲ್ಲಿ 32.6 ಲಕ್ಷ, ಎರಡನೆಯದರಲ್ಲಿ 36.5 ಲಕ್ಷ. ಬೇಕಾಗಿದ್ದ 34 ಲಕ್ಷ ಇವೆರಡರ ನಡುವೆ ಇತ್ತು. ಅವರು ನಿಜವಾಗಿ ಉಳಿದ ಮೊತ್ತವನ್ನೇ ಘೋಷಿಸಿ, ತೆರಿಗೆ ಕಟ್ಟಿ, ಆಗಸ್ಟ್‌ನಲ್ಲಿ ರಿಟರ್ನ್ ಸಲ್ಲಿಸಿದರು. ಬಡ್ಡಿ ದರ ಇಳಿದದ್ದು ನಮ್ಮ ಜಾಣತನವಲ್ಲ, ಅದೃಷ್ಟ.

ಎರಡನೆಯ ಕಡತ

ಸೆಪ್ಟೆಂಬರ್‌ನಲ್ಲಿ ಅದೇ ಬ್ಯಾಂಕಿಗೆ, ಒಂದೇ ಬ್ಯಾಂಕಿಗೆ, ಮತ್ತೆ ಅರ್ಜಿ ಹಾಕಿದೆವು. ಈ ಸಲದ ಕಡತಕ್ಕೆ ಒಂದೇ ಕಟ್ಟಳೆ ಇಟ್ಟುಕೊಂಡೆವು: ಬೇರೆ ಕಾಗದದೊಂದಿಗೆ ತಾಳೆಯಾಗದ ಯಾವ ಕಾಗದವೂ ಒಳಗೆ ಬರಬಾರದು. ಮೊದಲಿಗೆ ಮೂರು ವರ್ಷಗಳ ರಿಟರ್ನ್ ಸ್ವೀಕೃತಿ, ಆದಾಯದ ಗಣನಾಪತ್ರ ಮತ್ತು ತೆರಿಗೆ ಚಲನ್‌ಗಳನ್ನು ಇಟ್ಟೆವು. ಅದರ ಹಿಂದೆ 26ಎಎಸ್ ಮತ್ತು ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್. ನಂತರ ಹಳೆಯ ಖಾತೆಯ 12 ತಿಂಗಳ ಮತ್ತು ಹೊಸ ಖಾತೆ ತೆರೆದಂದಿನಿಂದಿನ ಸ್ಟೇಟ್‌ಮೆಂಟ್. ವಿದೇಶಿ ಹಣಕ್ಕೆ ಪಾವತಿ ವೇದಿಕೆಯ ಪರದೆಚಿತ್ರಗಳ ಬದಲು ಪ್ರತಿ ಜಮೆಗೂ ವಿದೇಶಿ ಹಣ ಸ್ವೀಕೃತಿಯ ಪತ್ರ, ಅಂದರೆ ಎಫ್‌ಐಆರ್‌ಎ, ತರಿಸಿದೆವು. ಹಣ ಯಾರಿಂದ, ಯಾವ ಉದ್ದೇಶಕ್ಕೆ ಬಂತೆಂಬುದು ಅದರಲ್ಲಿರುವುದರಿಂದ ಬ್ಯಾಂಕಿಗೆ ಅದು ನಂಬಬಹುದಾದ ಕಾಗದ. ಗ್ರಾಹಕ ಸಂಸ್ಥೆಯ ಒಪ್ಪಂದದಲ್ಲಿ ಮೊದಲ ಪುಟ, ಶುಲ್ಕದ ಪುಟ ಮತ್ತು ಅದು 2027ರವರೆಗೆ ನವೀಕರಣಗೊಂಡ ಪತ್ರ ಮಾತ್ರ ಇಟ್ಟೆವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಒಂದು ಪುಟದ ತಾಳೆಪಟ್ಟಿ. 2,000 ಡಾಲರಿನ ಬಿಲ್ಲಿಗೆ ಖಾತೆಗೆ ಬರುವ ಮೊತ್ತದಲ್ಲಿ ವೇದಿಕೆಯ ಶುಲ್ಕ ಕಡಿತವಾಗಿರುತ್ತದೆ. ಬೆಂಗಳೂರಿನ ಬಿಲ್ಲಿನಲ್ಲಿ ಟಿಡಿಎಸ್ ಕಡಿತವಾಗಿರುತ್ತದೆ. ಹೀಗಾಗಿ ಬಿಲ್ಲಿನ ಮೊತ್ತ, ಖಾತೆಯ ಜಮೆ ಮತ್ತು ರಿಟರ್ನ್‌ನ ಒಟ್ಟು ಗಳಿಕೆ ಎಂದೂ ತಾವಾಗಿ ಒಂದಾಗುವುದಿಲ್ಲ. ತಿಂಗಳವಾರು ಬಿಲ್ಲು, ಕಡಿತ, ಜಮೆ ಬರೆದು, ಕೆಳಗಿನ ಮೊತ್ತ ರಿಟರ್ನ್‌ನ 18.5 ಲಕ್ಷಕ್ಕೆ ಹೊಂದುವಂತೆ ತೋರಿಸಿದೆವು. ಹಳೆಯ ರಿಟರ್ನ್‌ಗಳನ್ನು ಏಕೆ ತಿದ್ದಬೇಕಾಯಿತು ಎಂದು ಅರ್ಜಿದಾರೆ ಅರ್ಧ ಪುಟದಲ್ಲಿ, ತಪ್ಪನ್ನು ಮರೆಮಾಚದೆ, ಬರೆದು ಸಹಿ ಹಾಕಿದರು. ಕಡತ 41 ಪುಟಗಳಿಗೆ ಮುಗಿಯಿತು.

ಬ್ಯಾಂಕು ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಿದ ವರ್ಷವನ್ನು ಸರಾಸರಿಗೆ ತೆಗೆದುಕೊಳ್ಳಲಿಲ್ಲ, ನಂತರದ ಎರಡನ್ನೇ ತೆಗೆದುಕೊಂಡಿತು. ತಿದ್ದುಪಡಿಯ ಕಾರಣ ಬರೆದಿದ್ದ ಅರ್ಧ ಪುಟದ ಪತ್ರದ ಬಗ್ಗೆ ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು: "ಮೇಡಂ, ಹಿಂದಿನ ರಿಟರ್ನ್ ಮಾಡಿದವರೇ ಈಗಲೂ ಮಾಡುತ್ತಿದ್ದಾರೆಯೇ?" ಅಲ್ಲವೆಂದಾಗ ಮುಂದಕ್ಕೆ ಹೋದರು.

ಅನಿರೀಕ್ಷಿತ ತೊಡಕು ಬಂದದ್ದು ಸ್ಥಳ ಪರಿಶೀಲನೆಯಲ್ಲಿ. ಬ್ಯಾಂಕು ಕಳಿಸಿದ ಯುವಕ ಮಳೆಯಲ್ಲಿ ತೋಟದ ಮನೆಗೆ ಬಂದು, ವೃತ್ತಿಯ ನಾಮಫಲಕ ಎಲ್ಲೆಂದು ಹುಡುಕಿ, ಕಾಣದೆ, "ವ್ಯವಹಾರದ ಸ್ಥಳ ಕಂಡುಬರಲಿಲ್ಲ" ಎಂದು ವರದಿ ಬರೆದುಕೊಟ್ಟ. ಅರ್ಜಿ ಹತ್ತು ದಿನ ಅಲ್ಲೇ ನಿಂತಿತು. ಮನೆಯಿಂದಲೇ ಕೆಲಸ, ಗ್ರಾಹಕರು ಇಲ್ಲಿಗೆ ಬರುವುದಿಲ್ಲ ಎಂದು ಅರ್ಜಿಯ ಜೊತೆಗೇ ಬರೆದುಕೊಡಬೇಕಿತ್ತು. ಅದು ನನ್ನ ಮರೆವು. ಎರಡನೆಯ ಭೇಟಿಯಲ್ಲಿ ಕೆಲಸದ ಕೋಣೆ, ಇನ್ವರ್ಟರ್, ಇಂಟರ್‌ನೆಟ್ ಬಿಲ್ಲು ತೋರಿಸಿದ ಮೇಲೆ ವರದಿ ಬದಲಾಯಿತು.

ಅಕ್ಟೋಬರ್‌ನಲ್ಲಿ 34 ಲಕ್ಷ ಶೇ. 8.25ರ ದರದಲ್ಲಿ ಮಂಜೂರಾಯಿತು. ಕಂತು ಸುಮಾರು 28,970, ಅಂದು ಕಂಪನಿ ಹೇಳಿದ ಕಂತಿಗಿಂತ ತಿಂಗಳಿಗೆ 7,000ಕ್ಕೂ ಮೀರಿ ಕಡಿಮೆ. ಮೊದಲು ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು. ಅದೇ ಊರಿನಲ್ಲಿ 44 ಲಕ್ಷಕ್ಕೆ ಅವರು ಕೊಂಡ ಮನೆ ಅದಕ್ಕಿಂತ ಒಂದು ಕೋಣೆ ಚಿಕ್ಕದು.

ಆ ಬಳಿಕ ಇಂಥದೇ ವೃತ್ತಿಯ ಇನ್ನೂ ಮೂವರು ನನ್ನ ಬಳಿ ಬಂದಿದ್ದಾರೆ. ಅವರಲ್ಲಿ ಇಬ್ಬರ ರಿಟರ್ನ್‌ಗಳು 44ಎಡಿಯಡಿ, ತೆರಿಗೆ ಶೂನ್ಯವಾಗುವ ಹಾಗೆ ಸಲ್ಲಿಕೆಯಾಗಿದ್ದವು. ಅವರು ತಂದಿದ್ದ ದಪ್ಪ ಕಡತಗಳನ್ನು ಪಕ್ಕಕ್ಕಿಟ್ಟು, 26ಎಎಸ್ ಇಳಿಸಿಕೊಂಡು ಬರುವಂತೆ ಹೇಳಿ ಕಳುಹಿಸಿದ್ದೇನೆ.